ರಸ್ತೆ ಪಕ್ಕ ಪಿಎಂ ಅಳೆಯೋಕೆ ಯಾವ ಪ್ಲಾನ್ ಸರಿ: ಜೋಡಿ ಜಾಗಾನಾ, ಸಾಲಾಗಿ ಇಡೋದಾ, ಒಂದನ್ನೇ ತಿರುಗಿಸೋದಾ, ಫಿಲ್ಟರಾ?

ಡಿಸೆಂಬರ್ ಬಂತು ಅಂದ್ರೆ ಎಂಎಸ್ಸಿ ಎನ್ವಿರಾನ್ಮೆಂಟಲ್ ಸೈನ್ಸ್‌ನವ್ರು, ಸಿವಿಲ್ ಫೈನಲ್ ಇಯರ್‌ನವ್ರು ಒಬ್ಬರ ಹಿಂದೆ ಒಬ್ಬರು ಬಂದು ಕೇಳೋದು ಒಂದೇ, "ಮೇಡಂ, ಮೇನ್ ರೋಡ್ ಪಕ್ಕ ಪಿಎಂ 2.5 ಅಳೀಬೇಕು, ಯಾವ ಮೀಟರ್ ತಗೊಳ್ಳೋದು?" ಪಿಎಂ 2.5 ಅಂದ್ರೆ ಗಾಳೀಲಿ ತೇಲೋ, 2.5 ಮೈಕ್ರಾನ್‌ಗಿಂತ ಸಣ್ಣ ಕಣ, ಪಿಎಂ 10 ಅಂದ್ರೆ 10 ಮೈಕ್ರಾನ್‌ಗಿಂತ ಸಣ್ಣದೆಲ್ಲ. ನಾನು ಮೀಟರ್ ಹೆಸರು ಹೇಳೋಕೆ ಮುಂಚೆ ವಾಪಸ್ ಕೇಳ್ತೀನಿ, ಯಾವುದನ್ನ ಯಾವುದರ ಜೊತೆ ಹೋಲಿಸ್ತೀರಾ ಅಂತ. ಅದಕ್ಕೆ ಉತ್ತರ ಇಲ್ದೆ ಲಕ್ಷ ರೂಪಾಯಿ ಮೀಟರ್ ತಂದ್ರೂ ಕೊನೆಗೆ ಕೈಯಲ್ಲಿ ಉಳಿಯೋದು ಒಂದು ಎಕ್ಸೆಲ್ ಶೀಟ್ ಅಷ್ಟೇ, ಅದರಿಂದ ಏನೂ ಹೇಳೋಕಾಗಲ್ಲ. ಆದ್ರೆ ಪ್ಲಾನ್ ಸರಿಯಾಗಿದ್ರೆ ಎರಡು ಸಾವಿರದ ಸೆನ್ಸರ್‌ನಲ್ಲೂ ಗಟ್ಟಿಯಾಗಿ ನಿಲ್ಲೋ ಒಂದು ಮಾತು ಹೇಳ್ಬಹುದು. ಹಾಗಾಗಿ ಇಲ್ಲಿ ಬರೀತಿರೋದು ಮೀಟರ್ ರಿವ್ಯೂ ಅಲ್ಲ, ಪ್ಲಾನ್‌ಗಳ ಹೋಲಿಕೆ. ಉದಾಹರಣೆಗೆ ಬೆಂಗಳೂರಿನ ಬಳ್ಳಾರಿ ರಸ್ತೆ ಇಟ್ಕೊಂಡಿದೀನಿ, ಹೆಬ್ಬಾಳದಿಂದ ಯಲಹಂಕ ಕಡೆ ಹೋಗೋ ಭಾಗ. ಅದು ಯಾಕೆ ಅನುಕೂಲ ಅಂತ ಮುಂದೆ ಹೇಳ್ತೀನಿ.

ಮೊದ್ಲು ಯಾವುದರ ಮೇಲೆ ತೂಗೋದು

ಒಂದನೇದು, ನಿಮ್ಮ ಪ್ರಶ್ನೆ. ಪೂರ್ತಿ ಒಂದು ವಾಕ್ಯ ಬರೀರಿ. "ಈ ರಸ್ತೆ ಇರೋದ್ರಿಂದ ಪಕ್ಕದ ಗಾಳೀಲಿ ಎಷ್ಟು ಜಾಸ್ತಿ ಸೇರತ್ತೆ" ಅನ್ನೋದು ಒಂದು ಪ್ರಶ್ನೆ, "ಎಷ್ಟು ದೂರ ಹೋದ್ರೆ ಅದು ಇಳಿಯತ್ತೆ" ಅನ್ನೋದು ಬೇರೆ, "ನಮ್ಮ ಏರಿಯಾದಲ್ಲಿ ಎಲ್ಲೆಲ್ಲಿ ಜಾಸ್ತಿ" ಅನ್ನೋದು ಇನ್ನೂ ಬೇರೆ. ನಾಲ್ಕನೇದು ಎಲ್ರೂ ಸಿನಾಪ್ಸಿಸ್‌ನಲ್ಲಿ ಬರೆಯೋದು, "ಸ್ಟ್ಯಾಂಡರ್ಡ್ ದಾಟಿದ್ಯಾ ಇಲ್ವಾ". ಇದರಲ್ಲಿ ಹುಷಾರಾಗಿರಿ. 2009ರ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಒಂದು ಘನ ಮೀಟರ್ ಗಾಳೀಲಿ ಪಿಎಂ 2.5ಕ್ಕೆ 60, ಪಿಎಂ 10ಕ್ಕೆ 100 ಮೈಕ್ರೋಗ್ರಾಂ ಅಂತ ಇದ್ಯಲ್ಲ, ಅದು 24 ಗಂಟೆ ಸರಾಸರಿಗೆ. ಬೆಳಗ್ಗೆ 9ಕ್ಕೆ ಹೋಗಿ ಅರ್ಧ ಗಂಟೆ ನಿಂತು 85 ಬಂತು, 60 ದಾಟ್ತು ಅಂತ ಬರೆದ್ರೆ ಅದು ತಪ್ಪು ಹೋಲಿಕೆ. ವಾರ್ಷಿಕ ಮಿತಿ ಪಿಎಂ 2.5ಕ್ಕೆ 40, ಅದನ್ನ ಹೇಳೋಕೆ ವಾರಕ್ಕೆ ಎರಡು ಸಲದಂತೆ ವರ್ಷಕ್ಕೆ ಕನಿಷ್ಠ 104 ಅಳತೆ ಬೇಕು ಅಂತ ಅದೇ ಅಧಿಸೂಚನೆಯಲ್ಲೇ ಇದೆ. ಆರು ವಾರದ ಪ್ರಾಜೆಕ್ಟ್‌ಗೆ ಆ ಮಾತು ಆಡೋ ಹಕ್ಕಿಲ್ಲ, ಅದನ್ನ ಸಿನಾಪ್ಸಿಸ್‌ನಿಂದಲೇ ತೆಗೆದುಬಿಡಿ.

ಎರಡನೇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ದಿನದ ಏರಿಳಿತಾನ ಜಾಗದ ವ್ಯತ್ಯಾಸದಿಂದ ಬೇರೆ ಮಾಡೋಕೆ ನಿಮ್ಮ ಪ್ಲಾನ್‌ಗೆ ಆಗತ್ತಾ? ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಗಾಳಿ ಮೇಲೆ ಹೋಗದೆ ಕೆಳಗೇ ನಿಂತುಬಿಡತ್ತೆ, ಬೆಳಗ್ಗೆ 8ರಿಂದ 10ರ ಟ್ರಾಫಿಕ್ ಬರೋದೂ ಸರಿಯಾಗಿ ಅದೇ ಹೊತ್ತಿಗೆ, ಹಾಗಾಗಿ ಆ ಟೈಮಲ್ಲಿ ರಸ್ತೆ ಪಕ್ಕಾನೂ ಏರತ್ತೆ, ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗಿರೋ ಮನೆ ಟೆರೇಸಲ್ಲೂ ಏರತ್ತೆ. ಮಾರನೇ ದಿನ ಚೆನ್ನಾಗಿ ಗಾಳಿ ಬೀಸಿದ್ರೆ ಎರಡೂ ಕಡೆ ಅರ್ಧಕ್ಕೆ ಇಳೀಬಹುದು. ಸೋಮವಾರ ರಸ್ತೇಲಿ, ಮಂಗಳವಾರ ಪಾರ್ಕಲ್ಲಿ ಅಳೆದವರು ಹೋಲಿಸ್ತಿರೋದು ರಸ್ತೆ ಮತ್ತೆ ಪಾರ್ಕ್ ಅಲ್ಲ, ಸೋಮವಾರ ಮತ್ತೆ ಮಂಗಳವಾರ.

ಇದನ್ನ ಲೆಕ್ಕದಲ್ಲಿ ನೋಡಿದ್ರೆ ಇನ್ನೂ ಸ್ಪಷ್ಟ ಆಗತ್ತೆ. ದಿನದ ಸರಾಸರಿ ದಿನದಿಂದ ದಿನಕ್ಕೆ 20 ಮೈಕ್ರೋಗ್ರಾಂನಷ್ಟು ಅಲ್ಲಾಡತ್ತೆ ಅಂತ ಇಟ್ಕೊಳ್ಳಿ, ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್ 20. ಒಂದೇ ದಿನ ಎರಡೂ ಕಡೆ ಅಳೆದು ಕಳೆದಾಗ ಬರೋ ವ್ಯತ್ಯಾಸ ಮಾತ್ರ ಅಷ್ಟು ಅಲ್ಲಾಡಲ್ಲ, ಯಾಕಂದ್ರೆ ಎರಡೂ ಕಡೆ ಒಟ್ಟಿಗೇ ಏರಿ ಒಟ್ಟಿಗೇ ಇಳಿದಿರತ್ತೆ, ಅದರ ಡೀವಿಯೇಷನ್ 5 ಅಂತ ಇಟ್ಕೊಳ್ಳೋಣ. ನಿಮಗೆ ಉತ್ತರ ±3 ಮೈಕ್ರೋಗ್ರಾಂ ಒಳಗೆ ಬೇಕು. ಜೋಡಿಯಾಗಿ ಅಳೆದ್ರೆ ಬೇಕಾದ ದಿನಗಳು:

n = (1.96 × 5 / 3)² ≈ 11

ಬೇರೆಬೇರೆ ದಿನ ಅಳೆದ್ರೆ:

n = 1.96² × 2 × 20² / 3² ≈ 341

ಅದೂ ಒಂದೊಂದು ಜಾಗಕ್ಕೆ 341 ದಿನ! ಮೀಟರ್ ಅದೇ, ಪ್ಲಾನ್ ಮಾತ್ರ ಬೇರೆ. ನಿಮ್ಮ ಜಾಗದ ಡೀವಿಯೇಷನ್ ಎಷ್ಟು ಅಂತ ಮೊದಲ ಒಂದು ವಾರದ ಡೇಟಾದಿಂದ ತೆಗೆದು ಇದೇ ಸೂತ್ರಕ್ಕೆ ಹಾಕಿ ನೋಡಿ. ನಿನ್ನೆ ಇವತ್ತು ಒಂದೇ ಥರದ ಹವೆ ಇದ್ರೆ ಎರಡು ದಿನ ಅನ್ನೋದು ನಿಜಕ್ಕೂ ಎರಡು ಹೊಸ ಮಾಹಿತಿ ಅಲ್ಲ, ಅದಕ್ಕೇ ಬಂದ ಸಂಖ್ಯೆಗೆ ಅರ್ಧದಷ್ಟು ಸೇರಿಸ್ಕೊಳ್ಳೋದು ನನ್ನ ರೂಢಿ, 11 ಬಂದ್ರೆ 16-18 ದಿನ. ಇನ್ನೊಂದು, ಸೆನ್ಸರ್ ನಿಮಿಷಕ್ಕೊಂದು ರೀಡಿಂಗ್ ಕೊಡತ್ತೆ, 18 ದಿನಕ್ಕೆ 25,920 ಸಾಲು ಆಗತ್ತೆ, ಅದನ್ನ n ಅಂತ ಟಿ-ಟೆಸ್ಟ್‌ಗೆ ಹಾಕ್ಬೇಡಿ. ಪಕ್ಕಪಕ್ಕದ ನಿಮಿಷಗಳು ಹೆಚ್ಚೂಕಡಿಮೆ ಒಂದೇ ಗಾಳಿ. ನಿಮ್ಮ n ಅಂದ್ರೆ ದಿನಗಳು, 18.

ಮೂರನೇದು ಕಣದ ಗಾತ್ರ. ರಸ್ತೆ ಧೂಳು ಅಂತ ಕಣ್ಣಿಗೆ ಕಾಣೋದು, ಟೈರ್ ಎಬ್ಬಿಸೋ ಮಣ್ಣು, ಬ್ರೇಕ್ ಪುಡಿ, ಇದೆಲ್ಲ ಹೆಚ್ಚಾಗಿ ದಪ್ಪ ಕಣ, 2.5ರಿಂದ 10 ಮೈಕ್ರಾನ್ ಮಧ್ಯದ್ದು. ಹೊಗೆಯಿಂದ ಬರೋದು ಸಣ್ಣದು. ಪ್ಲಾಂಟವರ್ ಪಿಎಂಎಸ್ 5003 ಥರದ ಅಗ್ಗದ ಲೇಸರ್ ಸೆನ್ಸರ್‌ಗಳು ಸಣ್ಣ ಕಣಾನ ಪರವಾಗಿಲ್ಲ ಅನ್ನೋ ಹಾಗೆ ನೋಡತ್ವೆ, ದಪ್ಪ ಕಣ ಅದರೊಳಗಿನ ಪುಟ್ಟ ಫ್ಯಾನ್ ಎಳೆಯೋ ಗಾಳೀಲಿ ತಿರುವುಗಳನ್ನ ದಾಟಿ ಬೆಳಕಿನ ಹತ್ರ ತಲುಪೋದೇ ಕಮ್ಮಿ. ಆದ್ರೂ ಸ್ಕ್ರೀನ್ ಮೇಲೆ ಪಿಎಂ 10 ಅಂತ ಒಂದು ಸಂಖ್ಯೆ ಬರತ್ತೆ! ಅದು ಬಹುಪಾಲು ಸಣ್ಣ ಕಣದ ಲೆಕ್ಕದಿಂದ ಊಹೆ ಮಾಡಿ ಕೊಡೋದು. ಪಿಎಂ 10 ಕಾಲಂ ಯಾವಾಗ್ಲೂ ಪಿಎಂ 2.5ರ ಹಿಂದೆ ನೆರಳಿನ ಥರ ಹೋಗ್ತಿದ್ರೆ, ಲಾರಿ ಧೂಳೆಬ್ಬಿಸಿ ಹೋದಾಗ್ಲೂ ಅದು ಪ್ರತ್ಯೇಕವಾಗಿ ಏರದಿದ್ರೆ, ಅಲ್ಲಿ ಅಳತೆ ಇಲ್ಲ ಅಂತ ಅರ್ಥ. ಹಾಗಾಗಿ ನಿಮ್ಮ ಪ್ರಶ್ನೆ ಧೂಳಿನ ಬಗ್ಗೆ ಇದ್ರೆ ಅಗ್ಗದ ಸೆನ್ಸರ್ ದಾರಿ ಇಲ್ಲಿಗೇ ಮುಚ್ತು, ಫಿಲ್ಟರ್ ಸ್ಯಾಂಪ್ಲರ್ ಹುಡುಕಿ.

ನಾಲ್ಕನೇದು ಕೈ, ಕರೆಂಟು, ಕಾಸು. ಎಷ್ಟು ಜನ ಇದೀರಾ, ರಾತ್ರಿ ಪೆಟ್ಟಿಗೆ ಯಾರ ಕಾಂಪೌಂಡಲ್ಲಿ ಇರತ್ತೆ, ಪ್ಲಗ್ ಪಾಯಿಂಟ್ ಇದ್ಯಾ. ಇದು ಚಿಲ್ಲರೆ ವಿಷಯ ಅಂದ್ಕೋಬೇಡಿ, ಪ್ಲಾನ್ ಮುರಿಯೋದು ಹೆಚ್ಚಾಗಿ ಇಲ್ಲೇ.

ಜೋಡಿ ಜಾಗ

ಒಂದು ಸೆನ್ಸರ್ ರಸ್ತೆ ಅಂಚಿಂದ 5 ಮೀಟರ್ ಒಳಗೆ, ಇನ್ನೊಂದು ಅದೇ ಏರಿಯಾದಲ್ಲೇ ದೊಡ್ಡ ರಸ್ತೆಯಿಂದ 300 ಮೀಟರಾದ್ರೂ ದೂರ, ಎರಡೂ ಒಂದೇ ಎತ್ತರದಲ್ಲಿ, ಎರಡೂ ಒಂದೇ ಟೈಮಲ್ಲಿ, ಹಗಲು ರಾತ್ರಿ ಮೂರು ವಾರ. ಅಷ್ಟೇ ಪ್ಲಾನ್. "ರಸ್ತೆಯಿಂದ ಎಷ್ಟು ಜಾಸ್ತಿ" ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೇದು ಕಮ್ಮಿ ದುಡ್ಡಲ್ಲಿ ಇಲ್ಲ. ಸೆನ್ಸರ್, ಇಎಸ್‌ಪಿ 32 ಬೋರ್ಡ್, ತೇವಾಂಶದ ಸೆನ್ಸರ್, ಕಾರ್ಡ್, ಡಬ್ಬಿ ಎಲ್ಲಾ ಸೇರಿ ಒಂದು ಯೂನಿಟ್ ಐದಾರು ಸಾವಿರದಲ್ಲಿ ಮುಗಿಸ್ಬಹುದು, ಹತ್ತು ಹನ್ನೆರಡು ಸಾವಿರಕ್ಕೆ ಜೋಡಿ ರೆಡಿ, ಇಬ್ಬರಿದ್ರೆ ಸಾಕು.

ಇದರಲ್ಲಿ ಬಿಟ್ಟುಕೊಡೋದು ಏನು ಅಂದ್ರೆ, ದೂರದ ಬಗ್ಗೆ ಏನೂ ಗೊತ್ತಾಗಲ್ಲ, ಮತ್ತೆ ಇಡೀ ಫಲಿತಾಂಶ ಎರಡೇ ಜಾಗದ ಮೇಲೆ ನಿಂತಿರತ್ತೆ. ರಸ್ತೆಯಿಂದ ದೂರ ಇರೋ ಆ ಎರಡನೇದು, ಅಂದ್ರೆ ಹಿನ್ನೆಲೆಯ ಜಾಗ, ಕೆಟ್ಟದಾಗಿ ಆರಿಸಿದ್ರೆ ಎಲ್ಲಾ ಹೋಯ್ತು. ಪಾರ್ಕ್ ಅಂದ್ರೆ ಶುದ್ಧ ಅಂತ ಎಲ್ರೂ ಅಲ್ಲಿಗೇ ಓಡ್ತಾರೆ, ಆದ್ರೆ ಜನವರಿ-ಫೆಬ್ರವರಿಯಲ್ಲಿ ಎಲೆ ಉದುರೋ ಕಾಲ, ಬೆಳಗ್ಗೆ ಗುಡಿಸಿ ಒಂದು ಮೂಲೇಲಿ ಬೆಂಕಿ ಹಾಕೋ ಪಾರ್ಕ್‌ಗಳು ಎಷ್ಟೋ ಇವೆ. ಒಂದು ವರ್ಷ ನಮ್ಮ ಹುಡುಗ್ರ ಡೇಟಾದಲ್ಲಿ ಪಾರ್ಕೇ ರಸ್ತೆಗಿಂತ ಕೆಟ್ಟದಾಗಿ ಬಂತು, ಯಾಕೆ ಅಂತ ನಾನೇ ಬೆಳಗ್ಗೆ ಆರೂವರೆಗೆ ಹೋಗಿ ನಿಂತಾಗ ಹೊಗೆ ಕಣ್ಣಿಗೇ ಬಿತ್ತು. ಹೋಗಿ ನೋಡೋದು ಮೊದಲೇ ಮಾಡ್ಬೇಕಿತ್ತು, ಹತ್ತು ದಿನದ ಡೇಟಾ ಕೈಬಿಡ್ಬೇಕಾಯ್ತು. ಅವತ್ತಿಂದ ಜಾಗ ಫಿಕ್ಸ್ ಮಾಡೋಕೆ ಮುಂಚೆ ಬೆಳಗ್ಗೆ 6ಕ್ಕೆ ಒಂದ್ಸಲ, ಸಂಜೆ 7ಕ್ಕೆ ಒಂದ್ಸಲ ಅಲ್ಲಿ ಅರ್ಧ ಗಂಟೆ ನಿಂತು ನೋಡಿ ಬನ್ನಿ ಅಂತ ಎಲ್ರಿಗೂ ಕಡ್ಡಾಯ ಮಾಡಿದೀನಿ.

ಸಾಲಾಗಿ ಇಡೋದು

ರಸ್ತೆಗೆ ಅಡ್ಡಲಾಗಿ 5, 20, 50, 100, 150 ಮೀಟರಿಗೆ ಒಂದೊಂದು. ರಸ್ತೆ ಹತ್ರಾನೇ ಇಳಿತ ಜೋರಾಗಿರೋದ್ರಿಂದ ಅಲ್ಲಿ ಒತ್ತಾಗಿ, ದೂರ ಹೋದ ಹಾಗೆ ಅಗಲವಾಗಿ ಇಡೋದು. ಗ್ರಾಫ್ ನೋಡೋಕೆ ಚೆಂದ ಬರತ್ತೆ ಅಂತ ಎಲ್ರಿಗೂ ಇದೇ ಇಷ್ಟ, "ಎಷ್ಟು ದೂರ" ಅನ್ನೋ ಪ್ರಶ್ನೆಗೆ ಇದೇ ಬೇಕು ಕೂಡ.

ತೊಂದರೆ ಏನು ಅಂದ್ರೆ ಪಿಎಂ 2.5ರ ತೂಕ ರಸ್ತೆಯಿಂದ ದೂರ ಹೋದ ಹಾಗೆ ನೀವಂದುಕೊಂಡಷ್ಟು ಇಳಿಯಲ್ಲ. ಊರ ತುಂಬಾ ಹರಡಿರೋ ಹಿನ್ನೆಲೆಯೇ ಅದರಲ್ಲಿ ದೊಡ್ಡ ಪಾಲು, ರಸ್ತೆ ಸೇರಿಸೋದು ಅದರ ಮೇಲೆ ಒಂದು ಸಣ್ಣ ಪದರ. ಹೊಗೆಯ ಕಪ್ಪು ಕಾರ್ಬನ್, ಅತಿ ಸಣ್ಣ ಕಣಗಳ ಸಂಖ್ಯೆ ಇವು ಮೊದಲ ನೂರು ನೂರೈವತ್ತು ಮೀಟರಲ್ಲಿ ಜೋರಾಗಿ ಬೀಳತ್ವೆ, ಡಿಪಾರ್ಟ್‌ಮೆಂಟಲ್ಲಿ ಕಪ್ಪು ಕಾರ್ಬನ್ ಅಳೆಯೋ ಈಥಲೋಮೀಟರ್ ಇದ್ರೆ ಸಾಲಿನ ಪ್ಲಾನ್‌ಗೆ ಅದನ್ನೇ ಕೇಳಿ. ಬರೀ ಪಿಎಂ 2.5 ಆದ್ರೆ 5 ಮೀಟರಿಗೂ 100 ಮೀಟರಿಗೂ ಮಧ್ಯೆ ಸಿಗೋದು ಕೆಲವೇ ಮೈಕ್ರೋಗ್ರಾಂ ಇರಬಹುದು, ಒಂದೇ ಬಾಕ್ಸಿಂದ ತೆಗೆದ ಒಂದೇ ಮಾಡೆಲ್ ಸೆನ್ಸರ್‌ಗಳ ಮಧ್ಯೆನೇ ಶೇ 10 ವ್ಯತ್ಯಾಸ ಸುಲಭವಾಗಿ ಇರತ್ತೆ, 40ರ ಮಟ್ಟದಲ್ಲಿ ಅದೇ 4 ಮೈಕ್ರೋಗ್ರಾಂ ಆಯ್ತು. ಅಂದ್ರೆ ನೀವು ನೋಡೋಕೆ ಹೊರಟಿರೋ ಇಳಿತ ಸೆನ್ಸರ್‌ಗಳ ಒಳಜಗಳದಲ್ಲೇ ಮುಳುಗಿಹೋಗತ್ತೆ.

ಜೊತೆಗೆ ನಮ್ಮೂರಲ್ಲಿ ರಸ್ತೆಗೆ ಅಡ್ಡಲಾಗಿ 150 ಮೀಟರ್ ಖಾಲಿ ಜಾಗ ಎಲ್ಲಿದೆ? ಕ್ರಾಸ್ ರೋಡಲ್ಲಿ ಇಟ್ರೆ ಆ ಕ್ರಾಸಿನ ಆಟೋ, ಕಾಂಡಿಮೆಂಟ್ಸ್, ಗೋಬಿ ಗಾಡಿ ಎಲ್ಲಾ ಸೇರ್ಕೊಳತ್ತೆ. ರಸ್ತೆಗೆ ಅಂಟಿಕೊಂಡ ದೊಡ್ಡ ಕ್ಯಾಂಪಸ್ ಒಳಗೆ ಪರ್ಮಿಷನ್ ಸಿಕ್ಕಿದ್ರೆ, ಐದು ಸೆನ್ಸರ್‌ಗೆ 25-30 ಸಾವಿರ ಇದ್ರೆ, ನಾಲ್ಕು ಜನ ಇದ್ರೆ ಮಾಡಿ. ಇಲ್ದಿದ್ರೆ ಬೇಡ ಅಂತಲೇ ನನ್ನ ಅಭಿಪ್ರಾಯ.

ಒಂದೇ ಮೀಟರ್ ತಿರುಗಿಸೋದು

ಡಿಪಾರ್ಟ್‌ಮೆಂಟಲ್ಲಿ ಬೆಳಕು ಚದುರೋದ್ರಿಂದ ಕಣ ಅಳೆಯೋ ಡಸ್ಟ್‌ಟ್ರ್ಯಾಕ್ ಅನ್ನೋ ಮೀಟರ್ ಒಂದಿದೆ, ಅದನ್ನ ಹಿಡ್ಕೊಂಡು ಹತ್ತು ಜಂಕ್ಷನ್‌ನಲ್ಲಿ ಅರ್ಧರ್ಧ ಗಂಟೆ ಅಳೆದು ಮ್ಯಾಪ್ ಮಾಡ್ತೀವಿ ಅನ್ನೋದು ಮೂರನೇ ಥರ. ಖರ್ಚಿಲ್ಲ, ಜಾಗ ಜಾಸ್ತಿ ಸಿಗತ್ತೆ. ಆದ್ರೆ ಮೇಲೆ ಹೇಳಿದ ದಿನ-ಜಾಗದ ಗೊಂದಲ ಪೂರ್ತಿ ಇದರ ತಲೆ ಮೇಲೆ ಬೀಳತ್ತೆ. ಮೊದಲ ಜಂಕ್ಷನ್ 8 ಗಂಟೆಗೆ, ಹತ್ತನೇದು ಮಧ್ಯಾಹ್ನ 2ಕ್ಕೆ ಅಳೆದ್ರೆ ಮೊದಲನೇದೇ ಕೆಟ್ಟ ಜಂಕ್ಷನ್ ಅಂತ ಪ್ರತಿ ದಿನಾನೂ ಬರತ್ತೆ, ಬಿಸಿಲೇರಿ ಗಾಳಿ ಮೇಲೇರಿದ್ದಕ್ಕೆ ಇಳಿದಿರೋದು ಅಂತ ಗೊತ್ತೇ ಆಗಲ್ಲ.

ಇದನ್ನ ಉಳಿಸೋ ದಾರಿ ಎರಡು, ಎರಡೂ ಒಟ್ಟಿಗೇ ಬೇಕು. ದಿನಾ ಸುತ್ತೋ ಕ್ರಮಾನ ಚೀಟಿ ಎತ್ತಿ ಬದಲಾಯಿಸಿ, ಮತ್ತೆ ಒಂದು ಅಗ್ಗದ ಸೆನ್ಸರ್ ಒಂದೇ ಜಾಗದಲ್ಲಿ ಕದಲದೆ ಓಡ್ತಾ ಇರಲಿ, ಪ್ರತಿ ಅರ್ಧ ಗಂಟೆಯ ರೀಡಿಂಗ್‌ನ ಅದೇ ಅರ್ಧ ಗಂಟೆಯ ಆ ಸೆನ್ಸರ್ ರೀಡಿಂಗಿಂದ ಭಾಗಿಸಿ. ಆಗ ಸಿಗೋದು "ಹಿನ್ನೆಲೆಗಿಂತ ಎಷ್ಟು ಪಟ್ಟು" ಅನ್ನೋ ಅನುಪಾತ, ಅದನ್ನ ಜಾಗದಿಂದ ಜಾಗಕ್ಕೆ ಹೋಲಿಸ್ಬಹುದು. ಪ್ರತಿ ಜಾಗಕ್ಕೆ ಬೇರೆಬೇರೆ ದಿನದ ಎಂಟು ಹತ್ತು ಭೇಟಿ ಆದ್ರೂ ಇರ್ಲಿ. ಡಸ್ಟ್‌ಟ್ರ್ಯಾಕ್‌ನ ಸಂಖ್ಯೇನ ಹಾಗೇ ನಂಬ್ಬೇಡಿ, ಅದು ಕಾರ್ಖಾನೇಲಿ ಅರಿಜೋನಾ ಮರಳುಪುಡಿಗೆ ಹೊಂದಿಸಿರೋದು, ಹೊಗೆ ಕಣ ಅದೇ ತೂಕಕ್ಕೆ ಜಾಸ್ತಿ ಬೆಳಕು ಚದುರಿಸೋದ್ರಿಂದ ಊರ ಗಾಳೀಲಿ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ತೋರಿಸೋದು ಮಾಮೂಲು. ಫಿಲ್ಟರ್ ಜೊತೆ ಇಟ್ಟು ತಿದ್ದುಪಡಿ ಅಂಕೆ ತೆಗೀಬೇಕು.

ಫಿಲ್ಟರ್ ಸ್ಯಾಂಪ್ಲರ್

ನಾಲ್ಕನೇದು ಹಳೇ ದಾರಿ, ಗಾಳಿ ಎಳೆದು ಫಿಲ್ಟರ್ ಮೇಲೆ ಕೂರಿಸಿ ತೂಗೋದು. ತೂಕ ಅಂದ್ರೆ ತೂಕ, ಅದರಲ್ಲಿ ಊಹೆ ಇಲ್ಲ. ಪಿಎಂ 10 ಬೇಕಿದ್ರೆ ಇದೇ ಗತಿ, ಫಿಲ್ಟರನ್ನ ಆಮೇಲೆ ಲೋಹ, ಕಾರ್ಬನ್ ಅಂತ ಕೆಮಿಸ್ಟ್ರಿಗೂ ಕಳಿಸ್ಬಹುದು. ಮೆಷಿನ್ ಲಕ್ಷದ ಲೆಕ್ಕದ್ದು, ಹಾಗಾಗಿ ಕೊಳ್ಳೋ ಮಾತಿಲ್ಲ, ಡಿಪಾರ್ಟ್‌ಮೆಂಟಲ್ಲಿ ಇದ್ರೆ ಉಂಟು ಇಲ್ದಿದ್ರೆ ಇಲ್ಲ.

ಇಲ್ಲಿ ಎಡವೋದು ತಕ್ಕಡೀಲಿ. ಪಿಎಂ 2.5 ಸ್ಯಾಂಪ್ಲರ್ ನಿಮಿಷಕ್ಕೆ 16.67 ಲೀಟರ್ ಎಳೆಯತ್ತೆ, ಅಂದ್ರೆ ಗಂಟೆಗೆ 1 ಘನ ಮೀಟರ್. ಗಾಳೀಲಿ 40 ಇದ್ರೆ 24 ಗಂಟೆಗೆ ಫಿಲ್ಟರ್ ಮೇಲೆ ಕೂರೋದು 960 ಮೈಕ್ರೋಗ್ರಾಂ, ಒಂದು ಮಿಲಿಗ್ರಾಂ ಕೂಡ ಇಲ್ಲ. ಸಾಮಾನ್ಯ ಲ್ಯಾಬಲ್ಲಿರೋ ನಾಲ್ಕು ಡೆಸಿಮಲ್ ತಕ್ಕಡಿ ತೋರ್ಸೋ ಅತಿ ಸಣ್ಣ ಮೆಟ್ಟಿಲೇ 100 ಮೈಕ್ರೋಗ್ರಾಂ, ಹಾಗಾಗಿ ಶೇ 10ರಷ್ಟು ತಪ್ಪು ಮೊದಲೇ ಬಂತು. ಇನ್ನು "ಪೀಕ್ ಅವರ್ ಬೇರೆ, ನಾನ್ ಪೀಕ್ ಬೇರೆ" ಅಂತ 4 ಗಂಟೆ ಸ್ಯಾಂಪಲ್ ತೆಗೆದ್ರೆ ಕೂರೋದು 160 ಮೈಕ್ರೋಗ್ರಾಂ, ಆ ತಕ್ಕಡೀಲಿ ಅದು ಒಂದೋ ಎರಡೋ ಮೆಟ್ಟಿಲು, ಸಂಖ್ಯೆಗೆ ಅರ್ಥಾನೇ ಇಲ್ಲ. 1 ಮೈಕ್ರೋಗ್ರಾಂ ತೋರಿಸೋ ಮೈಕ್ರೋಬ್ಯಾಲೆನ್ಸ್, ಫಿಲ್ಟರನ್ನ ತೂಗೋಕೆ ಮುಂಚೆ 24 ಗಂಟೆ ಒಂದೇ ತೇವಾಂಶದಲ್ಲಿ ಇಡೋ ಜಾಗ, ಗಾಳಿ ಎಳೆಯದೆ ಬರೀ ಫೀಲ್ಡಿಗೆ ಹೋಗಿಬರೋ ಖಾಲಿ ಫಿಲ್ಟರ್‌ಗಳು, ಇಷ್ಟೂ ಇದ್ರೆ ಮಾತ್ರ ಈ ದಾರಿ. ಹತ್ತು ಫಿಲ್ಟರಿಗೆ ಒಂದಾದ್ರೂ ಹಾಗೆ ಖಾಲಿ ಹೋಗಿಬರ್ಲಿ, ಅದರ ತೂಕ ಏರಿದ್ರೆ ಆ ಏರಿಕೆ ನಿಮ್ಮ ಕೈಯಿಂದ ಸೇರಿದ್ದು ಅಂತ ಗೊತ್ತಾಗತ್ತೆ.

ನನ್ನ ಪ್ರಕಾರ ಸಣ್ಣ ಪ್ರಾಜೆಕ್ಟಲ್ಲಿ ಫಿಲ್ಟರಿನ ಒಳ್ಳೇ ಉಪಯೋಗ ಮುಖ್ಯ ಅಳತೆಗಲ್ಲ, ಅಗ್ಗದ ಸೆನ್ಸರ್ ತಿದ್ದೋಕೆ. ಐದಾರು ದಿನ ಎರಡನ್ನೂ ಪಕ್ಕಪಕ್ಕ ಓಡಿಸಿದ್ರೆ ನಿಮ್ಮ ಸೆನ್ಸರ್ ಈ ಊರ ಈ ಕಾಲದ ಗಾಳೀಲಿ ಎಷ್ಟು ಜಾಸ್ತಿ ತೋರಿಸ್ತಿದೆ ಅಂತ ಸಿಗತ್ತೆ.

ಬಳ್ಳಾರಿ ರಸ್ತೇಲಿ ಮಾಡಿದ್ರೆ ಹೀಗೆ

ಮೂರು ಜನ, ಆರು ವಾರ, ಸುಮಾರು 25 ಸಾವಿರ, ಪ್ರಶ್ನೆ "ರಸ್ತೆಯಿಂದ ಎಷ್ಟು ಪಿಎಂ 2.5 ಜಾಸ್ತಿ". ನಾನು ಜೋಡಿ ಪ್ಲಾನ್ ಆರಿಸಿ ನಾಲ್ಕು ಯೂನಿಟ್ ಮಾಡಿಸ್ತೀನಿ.

ಈ ರಸ್ತೆ ಯಾಕೆ ಅಂದ್ರೆ ಇದು ಹೆಚ್ಚೂಕಡಿಮೆ ದಕ್ಷಿಣೋತ್ತರವಾಗಿ ಹೋಗತ್ತೆ, ಬೆಂಗಳೂರಿಗೆ ಚಳಿಗಾಲದಲ್ಲಿ ಗಾಳಿ ಬರೋದು ಹೆಚ್ಚಾಗಿ ಪೂರ್ವ-ಈಶಾನ್ಯದಿಂದ, ಮುಂಗಾರಲ್ಲಿ ಪಶ್ಚಿಮದಿಂದ. ಹಾಗಾಗಿ ಜನವರೀಲಿ ರಸ್ತೆ ಹೊಗೆ ಬೀಳೋದು ಪಶ್ಚಿಮದ ಬದಿಗೆ, ಜೂನ್-ಜುಲೈಲಿ ಅದೇ ಪ್ಲಾನ್ ಮಾಡೋರು ಬದಿ ತಿರುಗಿಸ್ಬೇಕು. ಒಂದನೇ ಯೂನಿಟ್ ಪಶ್ಚಿಮ ಬದಿ, ರಸ್ತೆ ಅಂಚಿಂದ 5 ಮೀಟರ್. ಎರಡನೇದು ಹಿನ್ನೆಲೆ, ಪೂರ್ವಕ್ಕೆ 300-400 ಮೀಟರ್ ಒಳಗೆ. ಮೂರನೇದು ರಸ್ತೆಯ ಪೂರ್ವ ಬದಿ, ಅದೇ 5 ಮೀಟರ್. ಪೂರ್ವದ ಗಾಳಿ ಬೀಸ್ತಿರೋ ಗಂಟೆಗಳಲ್ಲಿ ಪೂರ್ವ ಬದಿ ಹಿನ್ನೆಲೆಗೆ ಹತ್ರ ಇದ್ದು ಪಶ್ಚಿಮ ಬದಿ ಮಾತ್ರ ಮೇಲಿದ್ರೆ, ಅದು ರಸ್ತೆಯದ್ದೇ ಅಂತ ಧೈರ್ಯವಾಗಿ ಹೇಳ್ಬಹುದು. ನಾಲ್ಕನೇದನ್ನ ಎಲ್ಲಿಡೋಣ ಮೇಡಂ ಅಂತ ಹುಡುಗ್ರು ಹೊಸ ಜಾಗ ಹುಡುಕ್ತಾರೆ, ನಾನು ಅದನ್ನ ಹಿನ್ನೆಲೆಯ ಯೂನಿಟ್ ಪಕ್ಕಾನೇ ಇಡಿ ಅಂತೀನಿ. ಒಂದೇ ಗಾಳೀಲಿ ಎರಡು ಸೆನ್ಸರ್ ಎಷ್ಟು ಭಿನ್ನ ಹೇಳತ್ವೆ ಅನ್ನೋದು ಮೂರು ವಾರನೂ ಕಣ್ಣ ಮುಂದೆ ಇರತ್ತೆ, ಒಂದು ಕೆಟ್ಟುಹೋದ್ರೆ ಬದಲಿಗೂ ಆಯ್ತು.

ಎತ್ತರ ಎಲ್ಲಾ ಕಡೆ ಒಂದೇ, ಸುಮಾರು 3 ಮೀಟರ್, ಸರ್ಕಾರಿ ಸ್ಟೇಷನ್‌ಗಳಿಗೆ ಹೇಳಿರೋ 3ರಿಂದ 10 ಮೀಟರಿಗೂ ಹೊಂದತ್ತೆ, ಕೈಗೂ ಎಟುಕಲ್ಲ. ರಸ್ತೇಲಿ 3 ಮೀಟರ್, ಹಿನ್ನೆಲೆ ಮೂರನೇ ಮಹಡಿ ಟೆರೇಸ್ ಅಂತ ಮಾಡಿದ್ರೆ ಎತ್ತರದ ವ್ಯತ್ಯಾಸಾನೇ ಅಳೆದ ಹಾಗಾಗತ್ತೆ. ಲೈಟ್ ಕಂಬಕ್ಕೆ ಕಟ್ಟೋಕೆ ಹೋಗ್ಬೇಡಿ, ಅಂಗಡಿ ಅಥವಾ ಸ್ಕೂಲ್ ಕಾಂಪೌಂಡ್ ಒಳಗೆ ಕೇಳಿ, ಡಬ್ಬಿ ಮೇಲೆ "ಗಾಳಿ ಅಳೆಯುವ ಪೆಟ್ಟಿಗೆ, ಕಾಲೇಜು ಪ್ರಾಜೆಕ್ಟ್" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಫೋನ್ ನಂಬರ್ ಹಾಕಿ, ವೈರ್ ಇರೋ ಅನಾಮಿಕ ಡಬ್ಬಿ ಕಂಡ್ರೆ ಜನ ಹೆದರೋದು ಸಹಜ. ಪ್ಲಗ್ ಇಲ್ದಿದ್ರೆ 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು ಎರಡು ದಿನ ಬರತ್ತೆ, ಅಂದ್ರೆ ಎರಡು ದಿನಕ್ಕೊಂದ್ಸಲ ಯಾರಾದ್ರೂ ಹೋಗ್ಲೇಬೇಕು, ಮೂರು ಜನ ಬೇಕಾಗಿರೋದು ಅದಕ್ಕೇ.

ಈಗ ವೇಳಾಪಟ್ಟಿ. ಮೊದಲ ವಾರ ನಾಲ್ಕೂ ಯೂನಿಟ್ ಒಂದೇ ಕಡೆ, ಅಂಗೈ ಅಗಲದ ಅಂತರದಲ್ಲಿ, ಐದು ದಿನ. ಆಮೇಲೆ ಫೀಲ್ಡಲ್ಲಿ 9 ದಿನ, ಆಮೇಲೆ ಪಶ್ಚಿಮ ಬದಿ ಯೂನಿಟ್ ಹಿನ್ನೆಲೆಗೆ, ಹಿನ್ನೆಲೆಯದು ಪಶ್ಚಿಮ ಬದಿಗೆ ಅದಲು ಬದಲು ಮಾಡಿ ಮತ್ತೆ 9 ದಿನ. ಕೊನೆಗೆ ಮತ್ತೆ ನಾಲ್ಕೂ ಒಟ್ಟಿಗೆ ನಾಲ್ಕೈದು ದಿನ. ಉಳಿದ ದಿನಗಳು ಮಳೆಗೆ, ಕೆಟ್ಟಿದ್ದಕ್ಕೆ. ಸಂಕ್ರಾಂತಿ, ಗಣರಾಜ್ಯೋತ್ಸವ, ಭಾನುವಾರ ಯಾವುದನ್ನೂ ಬಿಡ್ಬೇಡಿ, ಗುರುತು ಹಾಕ್ಕೊಳ್ಳಿ, ಟ್ರಾಫಿಕ್ ಕಮ್ಮಿ ಇರೋ ದಿನ ವ್ಯತ್ಯಾಸಾನೂ ಕಮ್ಮಿ ಆಗತ್ತಾ ಅಂತ ನೋಡೋಕೆ ಅವೇ ಸಾಕ್ಷಿ.

ಒಟ್ಟಿಗೆ ಇಡೋದು, ಅದಲು ಬದಲು ಮಾಡೋದು ಇವನ್ನ ಟೈಮ್ ವೇಸ್ಟ್ ಅಂತ ಬಿಡೋರೇ ಜಾಸ್ತಿ, ಅದಕ್ಕೆ ಒಂದು ಲೆಕ್ಕ ಹಾಕಿ ತೋರಿಸ್ತೀನಿ. ಒಟ್ಟಿಗೆ ಇದ್ದಾಗ ಎ ಸೆನ್ಸರ್ 44 ಅಂದ್ರೆ ಬಿ ಸೆನ್ಸರ್ 48 ಅಂತು ಅನ್ಕೊಳ್ಳಿ, ಬಿ ಯಾವಾಗ್ಲೂ 1.09 ಪಟ್ಟು. ಬಿ ರಸ್ತೇಲಿ ಇದ್ದು 52 ತೋರ್ಸ್ತು, ಎ ಹಿನ್ನೆಲೇಲಿ 44. ರಸ್ತೆಯಿಂದ 8 ಜಾಸ್ತಿ ಅಂತ ಬರೆದ್ರಿ. ತಿದ್ದಿ ನೋಡಿದ್ರೆ ಬಿ ನಿಜಕ್ಕೂ 52ನ್ನ 1.09ರಿಂದ ಭಾಗಿಸಿದ್ದು, 47.7. ವ್ಯತ್ಯಾಸ 3.7 ಮಾತ್ರ, ಅರ್ಧಕ್ಕಿಂತ ಹೆಚ್ಚು ಪಾಲು ಸೆನ್ಸರಿನದ್ದು! ಅದಲು ಬದಲು ಮಾಡಿದ್ರೆ ಏನಾಗತ್ತೆ ನೋಡಿ: ಎ ರಸ್ತೇಲಿ 47.7, ಬಿ ಹಿನ್ನೆಲೇಲಿ 48, ವ್ಯತ್ಯಾಸ ಮೈನಸ್ 0.3. ಎರಡರ್ಧದ ಸರಾಸರಿ, 8 ಮತ್ತೆ ಮೈನಸ್ 0.3 ಸೇರಿ ಎರಡರಿಂದ ಭಾಗಿಸಿದ್ರೆ 3.85. ತಿದ್ದುಪಡಿ ಮಾಡದೇನೇ ಉತ್ತರ ಹೆಚ್ಚೂಕಡಿಮೆ ಸರಿಯಾದ ಜಾಗಕ್ಕೆ ಬಂತು. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು.

ಡೇಟಾ ಕೆಟ್ಟಿದೆ ಅಂತ ಹೇಗೆ ಗೊತ್ತಾಗತ್ತೆ

ಒಂದೇ ಸೆನ್ಸರಲ್ಲಿ, ದಿನಾ ಒಂದೇ ಟೈಮಿಗೆ, ಹತ್ತು ಹದಿನೈದು ನಿಮಿಷದ ಚೂಪಾದ ಏರಿಕೆ, ಭಾನುವಾರಾನೂ ಬಿಡದೆ ಬಂದ್ರೆ ಅದು ರಸ್ತೆ ಅಲ್ಲ. ಅಂಗಡಿಯವ್ರ ಊದುಬತ್ತಿ, ಪಕ್ಕದ ಟೀ ಅಂಗಡಿ, ಕಸದ ಬೆಂಕಿ, ಹೀಗೇನೋ ಒಂದು. ಟ್ರಾಫಿಕ್ಕಿನ ಏರಿಕೆ ಒಂದೂವರೆ ಎರಡು ಗಂಟೆ ಹರಡಿರತ್ತೆ, ಭಾನುವಾರ ಸಣ್ಣದಾಗತ್ತೆ.

ಬೆಳಗಿನ ಪೀಕ್ ಮೂರೂವರೆಗೆ ಬರ್ತಿದ್ರೆ ಗಾಬರಿ ಬೇಡ, ಬೋರ್ಡ್ ಯುಟಿಸಿ ಟೈಮ್ ಬರೀತಿದೆ, ಐದೂವರೆ ಗಂಟೆ ಸೇರಿಸಿದ್ರೆ 9 ಆಯ್ತು. ಒಂದು ಯೂನಿಟ್ ಮಾತ್ರ ಹಾಗಿದ್ದು ಇನ್ನೊಂದು ಸರಿ ಇದ್ರೆ ಕಳೆಯೋ ಲೆಕ್ಕ ಎಲ್ಲಾ ಹಾಳಾಗತ್ತೆ, ಅದಕ್ಕೇ ಮೊದಲ ವಾರ ಒಟ್ಟಿಗೆ ಇಟ್ಟಾಗಲೇ ನಾಲ್ಕೂ ಒಂದೇ ನಿಮಿಷಕ್ಕೆ ಏರ್ತಿವೆಯಾ ನೋಡ್ಬೇಕು, ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಗೀರಿ ಆರಿಸಿದ್ರೆ ಸಾಕು, ತಕ್ಷಣ ಗೊತ್ತಾಗತ್ತೆ. ಆಗ ಮೂರು ಚುರುಕಾಗಿ ಏರಿ ಇಳಿದು ಒಂದು ಮಾತ್ರ ಮೆತ್ತಗೆ ಏರಿ ನಿಧಾನಕ್ಕೆ ಇಳಿದ್ರೆ ಅದು ಡಬ್ಬಿಯೊಳಗಿನ ತನ್ನದೇ ಗಾಳೀನ ಮತ್ತೆ ಮತ್ತೆ ಎಳ್ಕೊಳ್ತಿದೆ, ಗಾಳಿ ಒಳಗೆ ಬರೋ ತೂತು, ಹೊರಗೆ ಹೋಗೋ ತೂತು ಎರಡೂ ಡಬ್ಬಿ ಆಚೆಗೆ, ಕೆಳಮುಖವಾಗಿ, ಬೇರೆಬೇರೆ ಇರೋ ಹಾಗೆ ಮಾಡಿ.

ಇನ್ನು ಮಂಜು. ಜನವರಿ ಬೆಳಗ್ಗೆ ತೇವಾಂಶ ಶೇ 80 ದಾಟೋದು ಸಾಮಾನ್ಯ, ಕಣಗಳು ನೀರು ಕುಡಿದು ಉಬ್ಬತ್ವೆ, ಲೇಸರ್ ಸೆನ್ಸರ್ ಅದನ್ನೂ ಪಿಎಂ ಅಂತ ಎಣಿಸತ್ತೆ. ಎರಡೂ ಕಡೆ ಒಂದೇ ಥರ ಉಬ್ಬತ್ತಲ್ಲ, ಕಳೆದ್ರೆ ಹೋಗತ್ತೆ ಅಂದ್ಕೋಬಹುದು, ಹೋಗಲ್ಲ, ಎರಡೂ 1.5 ಪಟ್ಟಾದ್ರೆ ವ್ಯತ್ಯಾಸಾನೂ 1.5 ಪಟ್ಟಾಗತ್ತೆ. ಅದಕ್ಕೆ ಫಲಿತಾಂಶಾನ ಎರಡು ಸಲ ತೆಗೀರಿ, ಎಲ್ಲಾ ಗಂಟೆ ಸೇರಿಸಿ ಒಂದ್ಸಲ, ತೇವಾಂಶ ಶೇ 75ಕ್ಕಿಂತ ಕಮ್ಮಿ ಇರೋ ಗಂಟೆ ಮಾತ್ರ ಇನ್ನೊಂದ್ಸಲ. ಎರಡರಲ್ಲೂ ಉತ್ತರ ಹತ್ರ ಹತ್ರ ಇದ್ರೆ ನೆಮ್ಮದಿ, ಇಲ್ದಿದ್ರೆ ಎರಡನ್ನೂ ರಿಪೋರ್ಟಲ್ಲಿ ಕೊಡಿ.

ಒಂದೇ ಸೆನ್ಸರಿಗೆ ದುಡ್ಡಿರೋರು ಇದೀರಾ ಅಂತ ಗೊತ್ತು. ನಿಮಗೆ ದಾರಿ ಇದೆ, ಸರ್ಕಾರಿ ಸ್ಟೇಷನ್‌ನ ಜೊತೆಗಾರ ಮಾಡ್ಕೊಳ್ಳಿ. ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಸಿಲ್ಕ್ ಬೋರ್ಡ್ ಥರದ ಕಡೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಟೇಷನ್‌ಗಳಿವೆ, ಗಂಟೆಗಂಟೆ ಡೇಟಾ ಸಿಪಿಸಿಬಿ ಸೈಟಲ್ಲಿ ಡೌನ್‌ಲೋಡ್ ಮಾಡ್ಬಹುದು. ಐದು ದಿನ ನಿಮ್ಮ ಸೆನ್ಸರ್ ಸ್ಟೇಷನ್ ಹತ್ರ, ಹದಿನೆಂಟು ದಿನ ರಸ್ತೇಲಿ, ಮತ್ತೆ ಐದು ದಿನ ಸ್ಟೇಷನ್ ಹತ್ರ. ಸ್ಟೇಷನ್ನೇ ಜಂಕ್ಷನ್ ಪಕ್ಕ ಇದ್ರೆ ಅದು ಹಿನ್ನೆಲೆ ಆಗಲ್ಲ, ಆಗ "ಆ ಸ್ಟೇಷನ್‌ಗಿಂತ ಇಷ್ಟು ಹೆಚ್ಚು ಕಮ್ಮಿ" ಅಂತ ಮಾತ್ರ ಹೇಳ್ಬೇಕು. ಸ್ಟೇಷನ್ ಡೇಟಾದಲ್ಲೂ ಗಂಟೆಗಟ್ಟಲೆ ಖಾಲಿ ಇರತ್ತೆ, ದಿನಕ್ಕೆ 18 ಗಂಟೆಗಿಂತ ಕಮ್ಮಿ ಇದ್ರೆ ಆ ದಿನಾನ ನಾನು ಸೇರಿಸಲ್ಲ.

ಕೊನೆಗೆ ರಿಪೋರ್ಟಲ್ಲಿ ವಾಕ್ಯ ಹೀಗಿರ್ಲಿ: "ಜನವರಿ-ಫೆಬ್ರವರಿಯ 18 ದಿನ, ರಸ್ತೆಯ ಪಶ್ಚಿಮಕ್ಕೆ 5 ಮೀಟರಲ್ಲಿ, 3 ಮೀಟರ್ ಎತ್ತರದಲ್ಲಿ, ಹಿನ್ನೆಲೆಗಿಂತ ದಿನದ ಸರಾಸರಿ ಪಿಎಂ 2.5 ಇಷ್ಟು ಜಾಸ್ತಿ, ± ಇಷ್ಟು." ಡೀವಿಯೇಷನ್ 5 ಇದ್ರೆ 18 ದಿನಕ್ಕೆ ಆ ± ಸುಮಾರು 2.3 ಬರತ್ತೆ, ಹಾಗಾಗಿ 3.85 ಅನ್ನೋ ವ್ಯತ್ಯಾಸ ಸೊನ್ನೆಯಿಂದ ಆಚೆಗೇ ನಿಲ್ಲತ್ತೆ. ವೈವಾದಲ್ಲಿ ಎಕ್ಸ್‌ಟರ್ನಲ್ ಮೊದಲು ಕೇಳೋದು ಸೆನ್ಸರ್ ನಂಬೋದು ಹೇಗೆ ಅಂತ, ಒಟ್ಟಿಗೆ ಇಟ್ಟ ಹತ್ತು ದಿನದ ಗ್ರಾಫನ್ನ ಅನುಬಂಧಕ್ಕೆ ತಳ್ಳದೆ ಮೊದಲ ಚಿತ್ರವಾಗಿ ಹಾಕಿ.